ಹತ್ತು ತಿಂಗಳ ಲೆಕ್ಕ ಒಪ್ಪಿಸುವ ಬಗೆ

"ಡಿಗ್ರಿ ಮುಗಿದು ಹತ್ತು ತಿಂಗಳಾಯ್ತಲ್ಲ, ಏನ್ ಮಾಡ್ತಿದ್ರಿ?" ಸಂದರ್ಶನಕ್ಕೆ ಕೂತ ಫ್ರೆಶರ್‌ಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಹಲವರು ತಡವರಿಸುತ್ತಾರೆ, ಇಲ್ಲವೇ ಹತ್ತು ಸರ್ಟಿಫಿಕೇಟುಗಳ ಹೆಸರು ಒಪ್ಪಿಸುತ್ತಾರೆ. ಬಲ್ಲವರ ಉತ್ತರ ಹೇಗಿರುತ್ತದೆ?

ಲಕ್ಷ್ಮೇಶ್ವರದಿಂದ ಹುಬ್ಬಳ್ಳಿಗೆ ಸಂದರ್ಶನಕ್ಕೆ ಬಂದ ಬಿಸಿಎ ಹುಡುಗಿಯೊಬ್ಬಳು ಹೀಗೆ ಹೇಳಿದಳೆಂದುಕೊಳ್ಳಿ: "ಜೂನ್‌ನಲ್ಲಿ ಕೋರ್ಸ್ ಮುಗೀತು ಸರ್. ಮೊದಲು ಬರೇ ಅರ್ಜಿ ಹಾಕ್ತಿದ್ದೆ. ಎಸ್‌ಕ್ಯೂಎಲ್ ಪ್ರಶ್ನೆ ಬಂದಾಗೆಲ್ಲ ಸಿಕ್ಕಿಬೀಳ್ತಿದ್ದೆ. ಅದಕ್ಕೇ ಜನವರಿಯಲ್ಲಿ ಎನ್‌ಪಿಟಿಇಎಲ್‌ನ ಡೇಟಾಬೇಸ್ ಕೋರ್ಸ್ ಸೇರಿ ಪರೀಕ್ಷೆ ಬರೆದೆ. ಕಲಿತದ್ದನ್ನ ನಮ್ಮೂರ ಎಪಿಎಂಸಿ ಶೇಂಗಾ ದರದ ಮೇಲೆ ಪ್ರಯೋಗ ಮಾಡಿ ನೋಡಿದೆ."

ಇದರಲ್ಲಿ ಒಂದು ಮಾತು ಇನ್ನೊಂದಕ್ಕೆ ಕಾರಣ. ಕೊರತೆ ಕಂಡಿತು, ಅದಕ್ಕೆ ಓದು ಬಂತು, ಓದಿಗೆ ಕೆಲಸ ಸಿಕ್ಕಿತು. ಖಾಲಿ ಹೋದ ತಿಂಗಳುಗಳನ್ನೂ ಆಕೆ ಮುಚ್ಚಿಡಲಿಲ್ಲ. ಸರ್ಟಿಫಿಕೇಟೂ ಒಂದೇ, ಆದರೆ ತೂಕದ್ದು. ವಿಡಿಯೊ ಓಡಿಸಿ ಮುಗಿಸಿದರೆ ಸಿಗುವಂಥದ್ದಲ್ಲ. ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು, ಅಂತಿಮ ಅಂಕದಲ್ಲಿ ಆ ಪರೀಕ್ಷೆಯದೇ ಶೇಕಡಾ 75 ಪಾಲು.

ನಿಜವಾದ ಜಾಣ್ಮೆ ಕೊನೆಯ ವಾಕ್ಯದಲ್ಲಿದೆ. ಶೇಂಗಾ ಎಂದ ಕೂಡಲೇ ಎದುರಿನವರು ಕೇಳುತ್ತಾರೆ: "ಅದರಲ್ಲಿ ಕಷ್ಟ ಆಗಿದ್ದೇನು?" ಆಕೆ ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. "ಮಾರುಕಟ್ಟೆ ರಜೆಯ ದಿನ ದರ ಇರಲ್ಲ ಸರ್. ನಾನು ಸೊನ್ನೆ ತುಂಬಿದ್ದೆ. ನಾಲ್ಕು ದಿನ ಕ್ವಿಂಟಲ್‌ಗೆ 6,000, ಒಂದು ದಿನ ರಜೆ ಅಂದ್ರೆ ಸರಾಸರಿ 4,800 ಬಂತು. ಅಷ್ಟು ಕಡಿಮೆಗೆ ಯಾರೂ ಮಾರಿರಲಿಲ್ಲ. ಸೊನ್ನೆಯ ಜಾಗದಲ್ಲಿ `NULL` ಇಟ್ಟೆ. `AVG` ಅದನ್ನ ಲೆಕ್ಕಕ್ಕೇ ಹಿಡಿಯಲ್ಲ, 6,000 ಸರಿಯಾಗಿ ಬಂತು."

ಯಾರದೋ ವಿಡಿಯೊ ನೋಡಿ ನಕಲು ಮಾಡಿದವರು ಎಡವುವುದು ಇಲ್ಲೇ. ಅವರ ಪ್ರಾಜೆಕ್ಟು ಓಡುತ್ತದೆ, ಆದರೆ ಎಲ್ಲಿ ಕೆಟ್ಟಿತ್ತು, ಹೇಗೆ ಸರಿಯಾಯಿತು ಎಂಬುದು ಗೊತ್ತಿರುವುದಿಲ್ಲ. ಗಿಟ್‌ಹಬ್ ಕೂಡ ಸಾಕ್ಷಿ ಹೇಳುತ್ತದೆ: ವಾರಗಟ್ಟಲೆ ಸ್ವಲ್ಪಸ್ವಲ್ಪ ಬೆಳೆದ ಕೋಡ್‌ಗೂ ಸಂದರ್ಶನದ ಹಿಂದಿನ ರಾತ್ರಿ ಒಂದೇ ಸಲ ಏರಿಸಿದ ಕೋಡ್‌ಗೂ ತಾರೀಖುಗಳೇ ವ್ಯತ್ಯಾಸ ತೋರಿಸುತ್ತವೆ.

ಇಂಥ ಉತ್ತರಕ್ಕೂ ಒಂದು ಗಡಿಯಿದೆ. ಸ್ವಂತ ಪ್ರಾಜೆಕ್ಟನ್ನು ರೆಸ್ಯೂಮೆಯ 'ಅನುಭವ'ದ ಸಾಲಿಗೆ ಸೇರಿಸಿದರೆ ಕಂಪನಿ ಸಂಬಳದ ಚೀಟಿ, ರಿಲೀವಿಂಗ್ ಲೆಟರ್ ಕೇಳುತ್ತದೆ. ಅದನ್ನು 'ಪ್ರಾಜೆಕ್ಟ್' ಎಂದೇ ಬರೆದು, ಪಕ್ಕದಲ್ಲಿ ತಿಂಗಳು ನಮೂದಿಸಿದರೆ ಸಾಕು. ಉಳಿದದ್ದನ್ನು ಆ `NULL` ನೋಡಿಕೊಳ್ಳುತ್ತದೆ.