ಚಾರಿಜಾರ್ಡ್ ಅಸಲಿಯೋ ನಕಲಿಯೋ? ಅಚ್ಚಿನ ಚುಕ್ಕಿಯನ್ನೇ ಕೇಳಿ

1999ರಲ್ಲಿ ಅಮೆರಿಕದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಪೋಕೆಮಾನ್ ಕಾರ್ಡ್‌ಗಳ ಮೊದಲ ಇಂಗ್ಲಿಷ್ ಸರಣಿಯನ್ನು ಹೊರತಂದಿತು. ಒಟ್ಟು 102 ಕಾರ್ಡ್‌ಗಳು. ಅದರಲ್ಲಿ ನಾಲ್ಕನೆಯದು ಚಾರಿಜಾರ್ಡ್: ಕಿತ್ತಳೆ ಮೈಯ, ಬೆಂಕಿ ಉಗುಳುವ ರೆಕ್ಕೆಯ ಪ್ರಾಣಿ. ಚಿತ್ರ ಬರೆದವರು ಮಿತ್ಸುಹಿರೊ ಅರಿತಾ. ಅಂದು ಮಕ್ಕಳು ಚಡ್ಡಿ ಜೇಬಿನಲ್ಲಿಟ್ಟುಕೊಂಡು ತಿರುಗಿದ ಈ ಕಾರ್ಡ್, ಮೊದಲ ಮುದ್ರಣದ್ದಾಗಿ ಒಳ್ಳೆಯ ಸ್ಥಿತಿಯಲ್ಲಿದ್ದರೆ, ಇಂದು ಲಕ್ಷಾಂತರ ರೂಪಾಯಿ ಬಾಳುತ್ತದೆ. ಅಷ್ಟು ಬೆಲೆ ಇದ್ದ ಮೇಲೆ ನಕಲಿಗಳೂ ಹುಟ್ಟಿಕೊಂಡಿವೆ.

ನಮ್ಮ ಸ್ಟೇಷನರಿ ಅಂಗಡಿಗಳಲ್ಲಿ, ಜಾತ್ರೆಯ ಸಾಲುಗಳಲ್ಲಿ ಮಾರುವ ಚಿನ್ನದ ಬಣ್ಣದ ಪೋಕೆಮಾನ್ ಕಾರ್ಡ್‌ಗಳನ್ನು ಪರೀಕ್ಷಿಸುವ ಅಗತ್ಯವೇ ಇಲ್ಲ. ಅವು ಆಟಿಕೆ ಎಂದು ನೋಡಿದರೇ ತಿಳಿಯುತ್ತದೆ. ಕಷ್ಟ ಇರುವುದು ಹಳೆಯ ಕಾಗದದ ಕಾರ್ಡನ್ನು ಹಾಗೇ ಹೋಲುವಂತೆ ತಯಾರಿಸಿದ ನಕಲಿಯಲ್ಲಿ. ಬರಿಗಣ್ಣಿಗೆ ಅದು ದಕ್ಕುವುದಿಲ್ಲ. 30 ಪಟ್ಟು ದೊಡ್ಡದಾಗಿ ತೋರಿಸುವ ಒಂದು ಪುಟ್ಟ ಭೂತಗನ್ನಡಿ ಬೇಕು. ಅದರ ಜೊತೆಗೆ ಅದೇ ಸರಣಿಯ, ಖಚಿತವಾಗಿ ಅಸಲಿಯಾದ ಒಂದು ಅಗ್ಗದ ಕಾರ್ಡ್ ಇರಬೇಕು. ಎರಡನೆಯದೇ ಹೆಚ್ಚು ಮುಖ್ಯ. ಹೋಲಿಸಲು ಏನೂ ಇಲ್ಲದೆ ಒಂದೇ ಕಾರ್ಡನ್ನು ಎಷ್ಟು ದಿಟ್ಟಿಸಿದರೂ ಏನೂ ಗೊತ್ತಾಗದು.

ಮೊದಲು ಈ ಪುಟದಲ್ಲಿರುವ ಯಾವುದಾದರೂ ಬಣ್ಣದ ಚಿತ್ರವನ್ನೇ ಭೂತಗನ್ನಡಿಯಡಿ ನೋಡಿ. ಅಲ್ಲಿ ಕಿತ್ತಳೆ, ಹಸಿರು ಎಂಬ ಬಣ್ಣಗಳೇ ಇರುವುದಿಲ್ಲ. ಆಕಾಶನೀಲಿ, ಕೆನ್ನೇರಳೆ, ಹಳದಿ, ಕಪ್ಪು ಈ ನಾಲ್ಕು ಶಾಯಿಗಳ ಚುಕ್ಕಿಗಳು, ಚುಕ್ಕಿ ರಂಗೋಲಿಯಂತೆ ಲೆಕ್ಕವಾಗಿ ಕೂತು, ಪುಟ್ಟ ಹೂವಿನಾಕಾರದ ಸುತ್ತುಗಳಾಗಿರುತ್ತವೆ. ಆಫ್‌ಸೆಟ್ ಮುದ್ರಣದಲ್ಲಿ ಒಂದೊಂದು ಶಾಯಿಗೂ ಒಂದೊಂದು ತಗಡು ಇರುತ್ತದೆ. ಪ್ರತಿ ತಗಡಿನ ಚುಕ್ಕಿ ಸಾಲನ್ನೂ ಬೇರೆ ಬೇರೆ ಕೋನಕ್ಕೆ ತಿರುಗಿಸಿರುವುದರಿಂದ ಈ ಹೂವಿನ ವಿನ್ಯಾಸ ಮೂಡುತ್ತದೆ. ಅಸಲಿ ಚಾರಿಜಾರ್ಡ್ ಮುದ್ರಣಗೊಂಡದ್ದು ಹೀಗೆಯೇ.

ಇನ್ನು ಭೂತಗನ್ನಡಿಯನ್ನು ಚಿತ್ರದಿಂದ ಕೆಳಗಿಳಿಸಿ, ದಾಳಿಯ ಹೆಸರಿರುವ ಕಪ್ಪಕ್ಷರದ ಮೇಲೆ ಇಡಿ. ಹಿನ್ನೆಲೆಯ ಕಿತ್ತಳೆಯಲ್ಲಿ ಚುಕ್ಕಿಗಳು ಕಾಣಬೇಕು, ಅಕ್ಷರದೊಳಗೆ ಕಾಣಬಾರದು. ಅಸಲಿ ಕಾರ್ಡಿನಲ್ಲಿ ಅಕ್ಷರಗಳು ಕಪ್ಪು ತಗಡಿನಲ್ಲಿ ಇಡಿಯಾಗಿ ಕೂತಿರುತ್ತವೆ. ಶಾಯಿ ಗಟ್ಟಿಯಾಗಿ ತುಂಬಿ, ಅಂಚು ಕತ್ತರಿಸಿದಷ್ಟು ಚೊಕ್ಕವಾಗಿರುತ್ತದೆ. ನಕಲಿ ಮಾಡುವವನ ಬಳಿ ಆ ತಗಡುಗಳಿಲ್ಲ. ಅವನ ಬಳಿ ಇರುವುದು ಮುದ್ರಿತ ಕಾರ್ಡ್ ಒಂದೇ. ಅದನ್ನು ಸ್ಕ್ಯಾನ್ ಮಾಡಿದಾಗ ಚಿತ್ರ, ಅಕ್ಷರ, ಹಿನ್ನೆಲೆ ಎಲ್ಲವೂ ಒಂದೇ ಫೋಟೋ ಆಗಿಬಿಡುತ್ತವೆ. ಆ ಫೋಟೋವನ್ನು ಮತ್ತೆ ಅಚ್ಚು ಹಾಕಿದರೆ ಯಂತ್ರ ಅಕ್ಷರವನ್ನೂ ನಾಲ್ಕು ಬಣ್ಣದ ಚುಕ್ಕಿಗಳಾಗಿ ಒಡೆಯುತ್ತದೆ. ಆಗ ಕಪ್ಪಕ್ಷರದ ಅಂಚಿನಲ್ಲಿ ನೀಲಿ, ಕೆನ್ನೇರಳೆ ಚುಕ್ಕಿಗಳು ಚೆಲ್ಲಿಕೊಂಡು, ಗೆರೆ ಹಲ್ಲುಹಲ್ಲಾಗಿ ಕಾಣುತ್ತದೆ. ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದದ್ದಾದರೆ ಹೂವಿನ ವಿನ್ಯಾಸವೇ ಇಲ್ಲ; ಚುಕ್ಕಿಗಳು ಚಿಮುಕಿಸಿದ ಹಾಗೆ ಅಡ್ಡಾದಿಡ್ಡಿ ಬಿದ್ದಿರುತ್ತವೆ.

ಇದನ್ನು ಬಲ್ಲ ಚಾಲಾಕಿ ನಕಲಿದಾರ ಸ್ಕ್ಯಾನಿನಿಂದ ಅಕ್ಷರಗಳನ್ನು ಅಳಿಸಿ, ಕಂಪ್ಯೂಟರಿನಲ್ಲಿ ಹೊಸದಾಗಿ ಜೋಡಿಸಿ ಗಟ್ಟಿ ಕಪ್ಪಿನಲ್ಲಿ ಅಚ್ಚು ಹಾಕುತ್ತಾನೆ. ಚುಕ್ಕಿಯ ಪರೀಕ್ಷೆಯಲ್ಲಿ ಪಾಸಾಗುತ್ತಾನೆ, ಆದರೆ ಫಾಂಟಿನಲ್ಲಿ ಸಿಕ್ಕಿಬೀಳುತ್ತಾನೆ. ಈ ಸರಣಿಯಲ್ಲಿ ಗಿಲ್ ಸ್ಯಾನ್ಸ್ ಎಂಬ ಫಾಂಟನ್ನು ಬಳಸಲಾಗಿದೆ. ಅದನ್ನೇ ಕೊಂಡುತಂದರೂ ಅಕ್ಷರಗಳ ನಡುವಿನ ಜಾಗ, ಗೆರೆಯ ದಪ್ಪ, ಸಾಲು ಮುರಿಯುವ ಕಡೆ ಇವೆಲ್ಲ ಹಳೆಯದಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದುವುದು ಬಹಳ ಕಷ್ಟ. ಅಗ್ಗದ ಕಾರ್ಡ್ ಕೆಲಸಕ್ಕೆ ಬರುವುದು ಇಲ್ಲಿಯೇ. ಬಲಮೇಲ್ತುದಿಯ ಕೆಂಪು ಅಂಕಿಯನ್ನು, ಶಕ್ತಿಚಿಹ್ನೆಯ ಅಗಲವನ್ನು ಎರಡರಲ್ಲೂ ಪಕ್ಕಪಕ್ಕ ಇಟ್ಟು ನೋಡಬೇಕು. ಪೋಕೆಮಾನ್ ಎಂಬ ಇಂಗ್ಲಿಷ್ ಹೆಸರಿನ ‘ಇ’ ಅಕ್ಷರದ ತಲೆಯ ಮೇಲಿನ ಓರೆಗೆರೆ ಮಾಯವಾಗಿರುವುದಂತೂ ಕಳಪೆ ನಕಲಿಗಳಲ್ಲಿ ಸಾಮಾನ್ಯ.

ಕೆಳಗಿನ ಹಕ್ಕುಸ್ವಾಮ್ಯದ ಸಾಲನ್ನು ಓದದೆ ಬಿಡಬೇಡಿ. ಚಿತ್ರದ ಚೌಕಟ್ಟಿನ ಬಲಕ್ಕೆ ನೆರಳಿಲ್ಲದ ಆರಂಭದ ಮುದ್ರಣದಲ್ಲಿ ನಿಂಟೆಂಡೊ ಹೆಸರಿನ ಹಿಂದೆ 1995, 96, 98, 99 ಎಂದಿದೆ. ನೆರಳು ಸೇರಿಸಿದ ನಂತರದ ಸಾಮಾನ್ಯ ಮುದ್ರಣದಲ್ಲಿ ಅಲ್ಲಿದ್ದ 99 ಬಿಟ್ಟುಹೋಯಿತು. ಹಾಗಾಗಿ ನೆರಳಿಲ್ಲದ ಕಾರ್ಡಿನಲ್ಲಿ ಆ 99 ಕಾಣದಿದ್ದರೆ ಅನುಮಾನಿಸಲೇಬೇಕು. ಮರುಮುದ್ರಣಗಳ ಸಮಾಚಾರವೇ ಬೇರೆ, ಏಕೆಂದರೆ ಅವು ನಕಲಿಯಲ್ಲ. 2000ದಲ್ಲಿ ಇದೇ ಚಾರಿಜಾರ್ಡ್ 4/130 ಎಂಬ ಸಂಖ್ಯೆಯೊಂದಿಗೆ ಮತ್ತೆ ಬಂತು. 2021ರಲ್ಲಿ 25ನೇ ವರ್ಷದ ನೆನಪಿಗೆ ಹಳೆಯ 4/102 ಸಂಖ್ಯೆಯಲ್ಲೇ ಬಂತು, ಆದರೆ ಅದರ ಚಿತ್ರದ ಮೇಲೆ 25ರ ಮುದ್ರೆ ಇದೆ. ಇವನ್ನು ಹಳೆಯದೆಂದು ಹೇಳಿ ಮಾರುವುದು ಮೋಸ. ಅಚ್ಚು ಅಸಲಿಯಾದ್ದರಿಂದ ಇಲ್ಲಿ ಚುಕ್ಕಿ ಪರೀಕ್ಷೆ ಏನನ್ನೂ ಹೇಳದು, ಓದಿಯೇ ತಿಳಿಯಬೇಕು.

ಕಾಗದದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅಸಲಿ ಪೋಕೆಮಾನ್ ಕಾರ್ಡ್ ಒಂದೇ ದಪ್ಪ ಹಾಳೆಯಲ್ಲ. ಎರಡು ಬಿಳಿ ಪದರಗಳ ನಡುವೆ ಕಡುಬಣ್ಣದ ತೆಳು ಪದರವಿದ್ದು, ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಅದು ಗೆರೆಯಂತೆ ಕಾಣುತ್ತದೆ. ಬೆಳಕು ಆಚೆಗೆ ಹಾಯದಿರಲೆಂದೇ ಆ ಪದರ. ನಕಲಿಗೆ ಬಳಸುವ ಸಾದಾ ಕಾಗದದಲ್ಲಿ ಅದಿರುವುದಿಲ್ಲವಾದ್ದರಿಂದ ಮೊಬೈಲ್ ಟಾರ್ಚ್ ಹಿಂದಿಟ್ಟರೆ ಬೆಳಕು ಸೋರುತ್ತದೆ. ಆದರೆ ಚಾರಿಜಾರ್ಡಿನಂಥ ಹೊಳೆಯುವ ಕಾರ್ಡಿನಲ್ಲಿ ಲೋಹದ ಹಾಳೆಯೂ ಸೇರಿರುತ್ತದೆ. ಲೋಹದ ಹಾಳೆ ನಕಲಿಯಲ್ಲಿದ್ದರೂ ಬೆಳಕನ್ನು ತಡೆಯುತ್ತದೆ. ಆದ್ದರಿಂದ ಹೊಳೆಯುವ ಕಾರ್ಡಿಗೆ ಟಾರ್ಚ್ ಹಿಡಿದು ನಿರ್ಧರಿಸಬೇಡಿ, ಅಂಚಿನ ಗೆರೆಯನ್ನೇ ನೋಡಿ. ಹೊಳಪು ಎಲ್ಲಿದೆ ಎಂಬುದನ್ನೂ ಗಮನಿಸಿ: 1999ರ ಕಾರ್ಡಿನಲ್ಲಿ ಮಿನುಗುವುದು ಚಿತ್ರದ ಚೌಕ ಮಾತ್ರ. ಮೇಲಿನಿಂದ ಕೆಳಗಿನವರೆಗೆ ಕಾಮನಬಿಲ್ಲಿನಂತೆ ಮಿನುಗಿದರೆ ಅದು ಆ ಕಾರ್ಡ್ ಅಲ್ಲ.

ಹೋಲಿಸಲು ಅಸಲಿಯೇ ಸಿಗದಿದ್ದರೆ ಏನು ಗತಿ? ಈಚಿನ ದೊಡ್ಡ ಪ್ರಕರಣ ನಡೆದದ್ದು ಅಲ್ಲಿಯೇ. ಜಪಾನಿನಲ್ಲಿ ಪೋಕೆಮಾನ್ ಕಾರ್ಡ್ ಮಾರುಕಟ್ಟೆಗೆ ಬಂದದ್ದು 1996ರ ಅಕ್ಟೋಬರಿನಲ್ಲಿ. ಅದಕ್ಕೂ ಮೊದಲು ಆಟವನ್ನು ಪರೀಕ್ಷಿಸಲು ತಯಾರಿಸಿದ್ದವು ಎಂದು ಹೇಳಲಾದ ಕಾರ್ಡ್‌ಗಳು 2024ರಲ್ಲಿ ಮಾರಾಟಕ್ಕೆ ಬಂದವು. ಕಾರ್ಡ್‌ಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಹೆಸರಾಂತ ಸಂಸ್ಥೆಯೊಂದು ಅವನ್ನು ಅಸಲಿ ಎಂದು ಪ್ರಮಾಣೀಕರಿಸಿತ್ತು. ಇವು ಪ್ರಿಂಟರಿನಲ್ಲಿ ತೆಗೆದ ಸರಳ ಹಾಳೆಗಳಾದ್ದರಿಂದ ಕಾರ್ಖಾನೆಯ ಕಾಗದ, ಆಫ್‌ಸೆಟ್ ಚುಕ್ಕಿ ಯಾವುದನ್ನೂ ನಿರೀಕ್ಷಿಸುವಂತಿರಲಿಲ್ಲ.

ಸಿಕ್ಕಿಹಾಕಿಸಿದ್ದು ಇನ್ನೊಂದು ಬಗೆಯ ಚುಕ್ಕಿ. ಬಹಳಷ್ಟು ಬಣ್ಣದ ಲೇಸರ್ ಪ್ರಿಂಟರುಗಳು ಪ್ರತಿ ಹಾಳೆಯ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹಳದಿ ಚುಕ್ಕಿಗಳನ್ನು ಗುಟ್ಟಾಗಿ ಹಾಕುತ್ತವೆ. ಖೋಟಾ ನೋಟು ತಯಾರಿಸುವವರನ್ನು ಪತ್ತೆಹಚ್ಚಲು ಬಂದ ವ್ಯವಸ್ಥೆ ಇದು. ಆ ಚುಕ್ಕಿಗಳ ಜಾಗದಲ್ಲಿ ಪ್ರಿಂಟರಿನ ಕ್ರಮಸಂಖ್ಯೆ, ಕೆಲವು ಯಂತ್ರಗಳಲ್ಲಿ ದಿನಾಂಕ ಮತ್ತು ಸಮಯವೂ ಅಡಗಿರುತ್ತವೆ. ನೀಲಿ ಬೆಳಕಿನಲ್ಲಿ ಹಿಡಿದರೆ ಹಳದಿ ಕಪ್ಪಾಗಿ ಎದ್ದು ಕಾಣುತ್ತದೆ. 2025ರ ಆರಂಭದಲ್ಲಿ ಒಬ್ಬ ಸಂಗ್ರಹಕಾರ ಆ ಕಾರ್ಡ್‌ಗಳ ಸ್ಕ್ಯಾನಿನಲ್ಲಿ ಬಣ್ಣಗಳನ್ನು ಬೇರ್ಪಡಿಸಿ ಚುಕ್ಕಿಗಳನ್ನು ಓದಿದಾಗ, 1996ರದ್ದೆಂದು ಮಾರಾಟವಾಗಿದ್ದ ಹಲವು ಕಾರ್ಡ್‌ಗಳು 2024ರಲ್ಲಿ ಅಚ್ಚಾದವು ಎಂದು ಬಯಲಾಯಿತು.