ಕಿಡ್ನಿ ತಪ್ಪು ತಿಳಿದರೆ ಕಾಲು ಊದುತ್ತದೆ

ನರ್ಸಿಂಗ್ ವಿದ್ಯಾರ್ಥಿಗಳಿಗೆ ಹಾರ್ಟ್ ಫೇಲ್ಯೂರ್ ಬಗ್ಗೆ ಅಸೈನ್‌ಮೆಂಟ್ ಕೊಟ್ಟರೆ ಸಾಮಾನ್ಯವಾಗಿ ಮೂರು ಪಟ್ಟಿಗಳು ಬರುತ್ತವೆ: ಕಾರಣ, ಲಕ್ಷಣ, ಔಷಧ. ಬರೆದದ್ದೆಲ್ಲ ಸರಿಯಾಗಿಯೇ ಇರುತ್ತದೆ. ಆದರೆ ಎದೆಯೊಳಗಿನ ಕಾಯಿಲೆಗೆ ಪಾದ ಯಾಕೆ ಊದಬೇಕು, ಸೋತ ಹೃದಯವನ್ನು ಇನ್ನಷ್ಟು ನಿಧಾನ ಮಾಡುವ ಮಾತ್ರೆ ಯಾಕೆ ಆಯುಸ್ಸು ಹೆಚ್ಚಿಸಬೇಕು ಎಂದು ಕೇಳಿದರೆ ಆ ಪಟ್ಟಿಗಳಲ್ಲಿ ಉತ್ತರ ಸಿಗುವುದಿಲ್ಲ. ಒಬ್ಬ ರೋಗಿಯನ್ನು ಕಲ್ಪಿಸಿಕೊಂಡು, ಒಂದರಿಂದ ಇನ್ನೊಂದು ಹೇಗೆ ಹುಟ್ಟಿತು ಎಂದು ಬರೆಯುತ್ತ ಹೋದರೆ ಸಿಗುತ್ತದೆ.

ಅರವತ್ತರ ಆಸುಪಾಸಿನ ರೈತ. ಎರಡು ವರ್ಷದ ಹಿಂದೆ ಹೃದಯಾಘಾತವಾಗಿತ್ತು. ಈಗ ನಾಲ್ಕು ಹೆಜ್ಜೆಗೇ ಏದುಸಿರು, ರಾತ್ರಿ ಎರಡು ಮೂರು ದಿಂಬು ಇಟ್ಟುಕೊಂಡರೆ ಮಾತ್ರ ನಿದ್ದೆ, ಸಂಜೆಯಾದರೆ ಪಾದದಲ್ಲಿ ಬಾವು. ಆ ಆಘಾತದಲ್ಲಿ ಸತ್ತ ಸ್ನಾಯುವಿನ ಜಾಗದಲ್ಲಿ ಕಲೆಗಟ್ಟಿದ ಅಂಗಾಂಶ ಬೆಳೆದಿದೆ, ಅದು ಕುಗ್ಗುವುದಿಲ್ಲ. ಆರೋಗ್ಯವಂತರ ಎಡ ಹೃತ್ಕುಕ್ಷಿಯಲ್ಲಿ ಸುಮಾರು 120 ಮಿಲಿ ರಕ್ತ ತುಂಬಿ, ಒಂದು ಬಡಿತಕ್ಕೆ 70 ಮಿಲಿಯಷ್ಟು ಹೊರಹೋಗುತ್ತದೆ. ಇವರದು ಹಿಗ್ಗಿದೆ: ತುಂಬುವುದು 180, ಹೊರಡುವುದು 55. ಎಕೋ ವರದಿಯಲ್ಲಿ ಇಜೆಕ್ಷನ್ ಫ್ರ್ಯಾಕ್ಷನ್ 30 ಶೇಕಡಾ ಎಂದಿರುವುದು ಇದನ್ನೇ. ನಿಮಿಷಕ್ಕೆ ಐದು ಲೀಟರ್‌ನಷ್ಟು ರಕ್ತ ಹರಿಯಬೇಕಾದರೆ 70 ಬಡಿತ ಸಾಲದು, 90 ಬೇಕು. ಕುಳಿತಿರುವಾಗಲೂ ನಾಡಿ ಓಡುವುದು ಇದಕ್ಕೇ.

ಮುಂದಿನ ತಿರುವು ಕಿಡ್ನಿಯಲ್ಲಿದೆ. ತನಗೆ ಬರುವ ರಕ್ತ ಕಡಿಮೆಯಾದದ್ದು ಕಿಡ್ನಿಗೆ ತಿಳಿಯುತ್ತದೆ, ಕಾರಣ ತಿಳಿಯುವುದಿಲ್ಲ. ಗಾಯವಾಗಿ ರಕ್ತ ಸೋರಿದಾಗ ಮಾಡುವುದನ್ನೇ ಈಗಲೂ ಮಾಡುತ್ತದೆ. ರೆನಿನ್ ಸುರಿಸುತ್ತದೆ, ಅದರಿಂದ ಆಂಜಿಯೊಟೆನ್ಸಿನ್ ಹುಟ್ಟಿ ರಕ್ತನಾಳಗಳನ್ನು ಬಿಗಿಯುತ್ತದೆ, ಆಲ್ಡೊಸ್ಟೆರಾನ್ ಉಪ್ಪನ್ನು ಹಿಡಿದಿಡುತ್ತದೆ, ಉಪ್ಪಿನ ಜೊತೆ ನೀರೂ ನಿಲ್ಲುತ್ತದೆ. ಇತ್ತ ನರಮಂಡಲ ನಾರ್‌ಅಡ್ರಿನಲಿನ್ ಬಿಟ್ಟು ಹೃದಯವನ್ನು ಓಡಿಸುತ್ತಲೇ ಇರುತ್ತದೆ. ರಕ್ತ ಸೋರಿದವರನ್ನು ಕೆಲವು ಗಂಟೆ ಬದುಕಿಸುವ ಈ ಏರ್ಪಾಡು ತಿಂಗಳುಗಟ್ಟಲೆ ನಡೆದರೆ, ಬಳಲಿದ ಎತ್ತಿನ ಗಾಡಿಗೆ ಇನ್ನಷ್ಟು ಹೊರೆ ಹೇರಿ ಬಾರುಕೋಲು ಬೀಸಿದಂತಾಗುತ್ತದೆ. ಸ್ನಾಯು ಇನ್ನೂ ಹಿಗ್ಗುತ್ತದೆ, ಇನ್ನೂ ಸೋಲುತ್ತದೆ.

ಲಕ್ಷಣಗಳೆಲ್ಲ ಇಲ್ಲಿಂದಲೇ ಹೊರಡುತ್ತವೆ. ಎಡಗಡೆ ಖಾಲಿಯಾಗದ ರಕ್ತದ ಒತ್ತಡ ಹಿಂದಕ್ಕೆ ಸರಿದು ಶ್ವಾಸಕೋಶದ ಸೂಕ್ಷ್ಮನಾಳಗಳನ್ನು ಮುಟ್ಟುತ್ತದೆ. ಅಲ್ಲಿ ನೀರು ಜಿನುಗಿದರೆ ಏದುಸಿರು. ಮಲಗಿದಾಗ ಕಾಲಿನಲ್ಲಿದ್ದ ದ್ರವ ಎದೆಯ ಕಡೆ ಮರಳುವುದರಿಂದ ದಿಂಬುಗಳು ಬೇಕಾಗುತ್ತವೆ. ಒತ್ತಡ ಬಲಭಾಗಕ್ಕೂ ತಲುಪಿದ ಮೇಲೆ ಕುತ್ತಿಗೆಯ ಸಿರೆ ಉಬ್ಬುತ್ತದೆ, ಬೆರಳಿನಿಂದ ಒತ್ತಿದರೆ ಪಾದದಲ್ಲಿ ಗುಳಿ ಬೀಳುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಊಟದ ತೂಕವಲ್ಲ. ಬಾವು ಕಣ್ಣಿಗೆ ಬೀಳುವ ಮೊದಲೇ ತಕ್ಕಡಿ ಹೇಳಿರುತ್ತದೆ.

ಚಿಕಿತ್ಸೆಯ ಇತಿಹಾಸವೇ ಈ ವಿವರಣೆಗೆ ಸಾಕ್ಷಿ. ಹೃದಯ ದುರ್ಬಲವಾಗಿದ್ದರೆ ಜೋರಾಗಿ ಬಡಿಸಬೇಕು ಎಂಬ ಲೆಕ್ಕದಲ್ಲಿ ಕೊಟ್ಟ ಮಿಲ್ರಿನೋನ್ ಮಾತ್ರೆಯಿಂದ ಸಾವು ಹೆಚ್ಚಾಯಿತೆಂದು 1991ರ ಅಧ್ಯಯನ ತೋರಿಸಿತು. ಅದಕ್ಕೂ ಮುಂಚೆ, 1987ರಲ್ಲಿ, ಆಂಜಿಯೊಟೆನ್ಸಿನ್ ತಯಾರಿಯನ್ನು ತಡೆಯುವ ಎನಲಾಪ್ರಿಲ್ ತೀವ್ರ ರೋಗಿಗಳ ಜೀವ ಉಳಿಸಿತ್ತು. ನಾರ್‌ಅಡ್ರಿನಲಿನ್‌ಗೆ ಅಡ್ಡ ನಿಲ್ಲುವ ಬೀಟಾ ಬ್ಲಾಕರ್ ಇಂಥ ರೋಗಿಗಳಿಗೆ ಕೊಡಲೇಬಾರದು ಎಂದು ಪಾಠ ಹೇಳುತ್ತಿದ್ದ ಕಾಲದಲ್ಲಿ, 1975ರಲ್ಲಿ, ಸ್ವೀಡನ್ನಿನ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಕೆಲವೇ ರೋಗಿಗಳಲ್ಲಿ ಅದರಿಂದ ಚೇತರಿಕೆ ಕಂಡು ವರದಿ ಮಾಡಿದರು. ದೊಡ್ಡ ಅಧ್ಯಯನಗಳು ಅದನ್ನು ಒಪ್ಪುವ ಹೊತ್ತಿಗೆ 1999 ಬಂದಿತ್ತು. ಆಲ್ಡೊಸ್ಟೆರಾನ್‌ಗೆ ಎದುರಾದ ಸ್ಪೈರೊನೊಲ್ಯಾಕ್ಟೋನ್ ಕೂಡ ಗೆದ್ದದ್ದು ಅದೇ ವರ್ಷ.

ಹಾಗಾಗಿ ನಮ್ಮ ರೈತನಿಗೆ ಮೊದಲು ಫ್ಯುರೊಸೆಮೈಡ್ ಕೊಟ್ಟು ನೀರಿಳಿಸುತ್ತಾರೆ. ಉಸಿರು ಹಗುರಾಗುತ್ತದೆ, ಆದರೆ ಹಾರ್ಮೋನುಗಳ ಸರಪಳಿ ಹಾಗೇ ಇರುತ್ತದೆ. ಅದನ್ನು ಕಡಿಯಲು ಮೇಲಿನ ಔಷಧಗಳು ಬೇಕು. ಕಾರ್ವೆಡಿಲಾಲ್ ಆದರೆ 3.125 ಮಿಲಿಗ್ರಾಂನಿಂದ ಶುರು ಮಾಡಿ, ತಡೆದುಕೊಂಡರೆ ಎರಡು ವಾರಕ್ಕೊಮ್ಮೆ ಹೆಚ್ಚಿಸುತ್ತಾರೆ. ಶ್ವಾಸಕೋಶದಲ್ಲಿ ನೀರಿರುವಾಗಲೇ ಶುರು ಮಾಡಿದರೆ ರೋಗಿ ಕುಸಿಯಬಹುದು, ಏಕೆಂದರೆ ಆ ಗಳಿಗೆಯಲ್ಲಿ ಆತ ನಿಂತಿರುವುದೇ ನಾರ್‌ಅಡ್ರಿನಲಿನ್ ಬಲದ ಮೇಲೆ. ಅಸೈನ್‌ಮೆಂಟ್‌ನಲ್ಲಿ ನಾನು ಮೊದಲು ಹುಡುಕುವುದು ಈ ‘ಏಕೆಂದರೆ’ಯನ್ನು. ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಎರಡೂ ಪೊಟ್ಯಾಸಿಯಂ ಏರಿಸುವುದರಿಂದ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ.

ಈ ವಿವರಣೆ ಎಲ್ಲರಿಗೂ ಹೊಂದುವುದಿಲ್ಲ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಹೃದಯ ಚೆನ್ನಾಗಿಯೇ ಕುಗ್ಗುತ್ತದೆ, ಆದರೆ ಬಿಗಿಯಾಗಿರುವುದರಿಂದ ಸರಿಯಾಗಿ ತುಂಬುವುದಿಲ್ಲ. ಏದುಸಿರು, ಬಾವು ಅವರಿಗೂ ಇರುತ್ತದೆ. ಬೀಟಾ ಬ್ಲಾಕರ್‌ನಿಂದ ಮಾತ್ರ ಅಂಥ ಲಾಭ ಕಂಡಿಲ್ಲ. ಎಕೋ ಇಲ್ಲದೆ ಇವೆರಡನ್ನು ಬೇರ್ಪಡಿಸುವುದು ಕಷ್ಟ.

ಸರಪಳಿ ಗೊತ್ತಿದ್ದರೆ ಪುಸ್ತಕದ ಪಟ್ಟಿಯಲ್ಲಿಲ್ಲದ್ದನ್ನೂ ಊಹಿಸಬಹುದು. ಇದೇ ರೈತ ಮಂಡಿನೋವಿಗೆಂದು ಮೆಡಿಕಲ್ ಸ್ಟೋರಿನಿಂದ ಡೈಕ್ಲೊಫೆನಾಕ್ ತಂದು ನುಂಗಿದರೆ, ಆ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನು ಇಳಿಸಿ ಉಪ್ಪನ್ನು ಮತ್ತೆ ಹಿಡಿಸುತ್ತದೆ, ಫ್ಯುರೊಸೆಮೈಡ್‌ನ ಕೆಲಸವನ್ನೂ ಕುಂದಿಸುತ್ತದೆ. ಕೆಲವೇ ದಿನಗಳಲ್ಲಿ ತೂಕ ಏರಿ ಏದುಸಿರು ಮರಳಬಹುದು. ಆಸ್ಪತ್ರೆಗೆ ಬಂದವರನ್ನು ಹೃದಯದ ಮಾತ್ರೆ ತಪ್ಪಿಸಿದಿರಾ, ಉಪ್ಪಿನಕಾಯಿ ತಿಂದಿರಾ ಎಂದು ಕೇಳುವ ಜೊತೆಗೆ, ನೋವಿಗೆ ಏನಾದರೂ ತಗೊಂಡಿರಾ ಎಂದೂ ಕೇಳಬೇಕು.