ವಿಡಿಯೊಗೆ ಬರೆಯುವ ವಿವರಣೆ: ತಪ್ಪು ಕಲ್ಪನೆ ಮತ್ತು ಸತ್ಯ

ಸ್ಕ್ರೀನ್ ರೀಡರ್ ಇದ್ದರೆ ಸಾಕು, ವಿಡಿಯೊದ ದೃಶ್ಯವನ್ನೂ ಅದೇ ಹೇಳಿಬಿಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕಂಪ್ಯೂಟರಿನ ಎನ್‌ವಿಡಿಎ ಆಗಲಿ, ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಆಗಲಿ, ದನಿಯಾಗಿಸುವುದು ಪರದೆಯ ಮೇಲಿನ ಬರಹವನ್ನು ಮತ್ತು ಬಟನ್‌ಗಳ ಹೆಸರನ್ನು. ಓಡುತ್ತಿರುವ ವಿಡಿಯೊದಲ್ಲಿ ಏನು ಕಾಣುತ್ತಿದೆ ಎಂಬುದನ್ನು ಅದು ತಾನಾಗಿ ಹೇಳುತ್ತಾ ಹೋಗುವುದಿಲ್ಲ. ಆ ಕೆಲಸ ವಿವರಣೆ ಬರೆಯುವವರದು.

ಬೀದರ್ ನಗರದ ಬಿದರಿ ಕೆಲಸದ ವಿಡಿಯೊವೊಂದನ್ನು ಊಹಿಸಿಕೊಳ್ಳಬಹುದು. ಮಾತಿಲ್ಲ, ಸಂಗೀತ, ನಡುನಡುವೆ ಟಕ್ ಟಕ್ ಸದ್ದು. ಕೆಳಗೆ ‘ಬೀದರಿನ ಅದ್ಭುತ ಕಲೆ, ತಪ್ಪದೇ ನೋಡಿ’ ಎಂಬ ಸಾಲು. ಹೊಗಳಿದರೆ ವಿವರಿಸಿದಂತೆ ಎಂಬ ಭಾವನೆ ಇಲ್ಲಿದೆ. ಕೇಳುವವರಿಗೆ ಮಾತ್ರ ಆ ಸದ್ದು ಉಳಿಯಿಂದ ಕೆತ್ತುವುದೋ, ಬೆಳ್ಳಿ ತಂತಿಯನ್ನು ಬಡಿದು ಕೂರಿಸುವುದೋ ಎಂಬುದೂ ತಿಳಿಯದು. ವಿವರಣೆ ಹೀಗಿರಬೇಕು: ‘ಕುಶಲಕರ್ಮಿ ಸತು-ತಾಮ್ರದ ಹೂಜಿಯ ಮೇಲೆ ಉಳಿಯಿಂದ ಬಳ್ಳಿ ಕೆತ್ತುತ್ತಾರೆ. ಗೀರಿನೊಳಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಬಡಿಯುತ್ತಾರೆ. ಉಜ್ಜಿದ ಮೇಲೆ ಹೂಜಿಯೂ ಬೆಳ್ಳಿಯೂ ಹೆಚ್ಚುಕಡಿಮೆ ಒಂದೇ ಬಣ್ಣ. ಬಿಸಿ ಮಾಡಿದ ಹೂಜಿಗೆ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚುತ್ತಾರೆ. ತೊಳೆದಾಗ ಹೂಜಿ ಕಪ್ಪಾಗಿದೆ, ಬೆಳ್ಳಿಯ ಬಳ್ಳಿ ಹೊಳೆಯುತ್ತಿದೆ.’ ಈ ವಿಡಿಯೊದ ಜೀವವೇ ಆ ಬಣ್ಣದ ಬದಲಾವಣೆ. ಅದನ್ನು ಬಿಟ್ಟು ಗೋಡೆಯ ಬಣ್ಣ, ಅಂಗಿಯ ಬಣ್ಣ ಬರೆದರೆ ವಿವರಣೆ ಉದ್ದವಾಗುತ್ತದೆ, ಅರ್ಥ ಬೆಳೆಯುವುದಿಲ್ಲ.

ಮಾತಿರುವ ವಿಡಿಯೊಗೆ ಕ್ಯಾಪ್ಶನ್ ಹಾಕಿದರೆ ಆಯಿತು ಎಂಬುದು ಮತ್ತೊಂದು ನಂಬಿಕೆ. ಕ್ಯಾಪ್ಶನ್ ಕಿವಿ ಕೇಳದವರಿಗೆ. ಕಣ್ಣು ಕಾಣದವರಿಗೆ ಮಾತು ಹೇಗೂ ಕೇಳಿಸುತ್ತದೆ. ಅವರಿಗೆ ತಪ್ಪಿಹೋಗುವುದು ಮಾತು ಬೊಟ್ಟು ಮಾಡಿ ತೋರಿಸುವ ಸಂಗತಿ. ಭಾಲ್ಕಿ, ಔರಾದ್ ಕಡೆಯ ದೇವಣಿ ದನದ ವಿಡಿಯೊದಲ್ಲಿ ರೈತ ‘ಇದರ ಮಾರಿ ನೋಡ್ರಿ, ಅದರದು ನೋಡ್ರಿ’ ಎನ್ನುತ್ತಾನೆ. ಒಂದು ಬಿಳಿ ಮೈಗೆ ಕಪ್ಪು ಮುಖದ ವಾನೇರಾ, ಇನ್ನೊಂದು ಪೂರ್ತಿ ಬಿಳಿಯ ಬಾಲಂಕ್ಯಾ ಎಂಬ ಎರಡು ಸಾಲು ಬರೆದರೆ ‘ಇದು’, ‘ಅದು’ ಎರಡಕ್ಕೂ ಅರ್ಥ ಬರುತ್ತದೆ.

ಬರೆದ ವಿವರಣೆಗೂ ಮಿತಿಯಿದೆ. ವೆಬ್ ಪ್ರವೇಶಸಾಧ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ ಪ್ರಕಾರ, ಧ್ವನಿಯೇ ಇಲ್ಲದ ವಿಡಿಯೊಗೆ ಪೂರ್ಣ ಬರಹ ಸಾಕು; ಧ್ವನಿಯಿರುವ ವಿಡಿಯೊ ‘ಎಎ’ ಮಟ್ಟ ಮುಟ್ಟಲು ದೃಶ್ಯದ ಜೊತೆಗೇ ಕೇಳಿಸುವ ಧ್ವನಿ ವಿವರಣೆಯೂ ಬೇಕು.

ಕನ್ನಡದಲ್ಲಿ ಬರೆದದ್ದೆಲ್ಲ ಕನ್ನಡದಲ್ಲೇ ಕೇಳಿಸುತ್ತದೆ ಎಂಬುದೂ ನಿಜವಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ಟೈಪಿಸಿದ ‘ಬೀದರ್’ ಒಳಗೆ `©ÃzÀgï` ಆಗಿರುತ್ತದೆ, ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ. ಬರಹ ಯೂನಿಕೋಡ್‌ನಲ್ಲೇ ಇರಬೇಕು. ಲಿಂಕು, ಹ್ಯಾಶ್‌ಟ್ಯಾಗುಗಳು ಕೊನೆಗಿರಲಿ. ಮೊದಲಿಟ್ಟರೆ ಅವೆಲ್ಲ ಓದಿ ಮುಗಿಯುವ ತನಕ ಕೇಳುಗರು ಕಾಯಬೇಕು.

ಬರೆದದ್ದನ್ನು ಪರೀಕ್ಷಿಸಲು ವಿಡಿಯೊ ನೋಡಿರದ ಒಬ್ಬರಿಗೆ ಫೋನಿನ ಪರದೆ ತೋರಿಸದೆ ಟಾಕ್‌ಬ್ಯಾಕ್‌ನಲ್ಲಿ ಕೇಳಿಸಬೇಕು. ಹೂಜಿ ಯಾವಾಗ ಕಪ್ಪಾಯಿತು ಎಂದು ಅವರು ಹೇಳಲಾರದಿದ್ದರೆ, ಆ ಸಾಲನ್ನು ಮತ್ತೆ ಬರೆಯಬೇಕು.